ಅನುಪಾಲನಾ ವರದಿಯಲ್ಲಿ ಕಾಣೆಯಾಗುವ ಕರ್ತೃ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನ ಮಾಡದಕೆರೆ ಹೋಬಳಿಯಲ್ಲಾಗಲಿ, ರಾಜ್ಯದ ಇನ್ನಾವುದೇ ಹೋಬಳಿಯಲ್ಲಾಗಲಿ, ಗ್ರಾಮ ಪಂಚಾಯತಿಯ ಕಚೇರಿಯಲ್ಲಿ ಪ್ರತಿ ಸಭೆಗೂ ಮುನ್ನ ಸಿದ್ಧವಾಗುವ ಕಾಗದಗಳಲ್ಲಿ ಅನುಪಾಲನಾ ವರದಿಯೂ ಒಂದು. ಹಿಂದಿನ ಸಭೆಯಲ್ಲಿ ಆದ ತೀರ್ಮಾನಗಳ ಮೇಲೆ ಈವರೆಗೆ ಏನು ಕ್ರಮವಾಗಿದೆ ಎಂಬುದನ್ನು ತಿಳಿಸುವ ಬರಹಕ್ಕೆ ಆಡಳಿತದಲ್ಲಿ ಈ ಹೆಸರಿದೆ. ಇದನ್ನು ಪಂಚಾಯತಿ ಅಭಿವೃದ್ಧಿ ಅಧಿಕಾರಿ, ಅಂದರೆ ಜನ ಪಿಡಿಒ ಎಂದು ಕರೆಯುವವರು, ತಮ್ಮ ಸಿಬ್ಬಂದಿಯಿಂದ ಮಾಹಿತಿ ಪಡೆದು ಬರೆಯಿಸುತ್ತಾರೆ. ಅದೇ ಬರಹ ಸ್ವಲ್ಪ ಬದಲಾಗಿ ತಾಲ್ಲೂಕು ಪಂಚಾಯತಿಯ ಕಾರ್ಯನಿರ್ವಾಹಕ ಅಧಿಕಾರಿಗೂ, ಅಲ್ಲಿಂದ ಶಾಸಕರ ಅಧ್ಯಕ್ಷತೆಯಲ್ಲಿ ನಡೆಯುವ ತಾಲ್ಲೂಕು ಮಟ್ಟದ ಕೆಡಿಪಿ ಸಭೆಗೂ ಹೋಗುತ್ತದೆ. ಕೆಡಿಪಿ ಎಂದರೆ ಕರ್ನಾಟಕ ಅಭಿವೃದ್ಧಿ ಕಾರ್ಯಕ್ರಮಗಳ ಪ್ರಗತಿ ಪರಿಶೀಲನೆ. ಹೀಗೆ ಮೂರು ಕಡೆ ಓದಿಸಿಕೊಳ್ಳುವ ಈ ವರದಿ ಬಹುಪಾಲು ಒಂದೇ ಉದ್ದನೆಯ ಪ್ಯಾರಾ ಆಗಿರುತ್ತದೆ, ಮತ್ತು ಅದನ್ನು ಓದಿ ಮುಗಿಸಿದ ಸದಸ್ಯನಿಗೆ ತನ್ನ ಊರಿನ ಕೆಲಸ ಸದ್ಯ ಯಾರ ಕೈಯಲ್ಲಿದೆ ಎಂಬುದು ತಿಳಿದಿರುವುದಿಲ್ಲ.

ಈ ಪ್ಯಾರಾವನ್ನು ಕಣ್ಣಾಡಿಸಿದರೆ ಅರ್ಥವಾಗುವಂತಹ, ಪ್ರತಿ ಕೆಲಸಕ್ಕೂ ಒಬ್ಬ ಹೊಣೆಗಾರನಿರುವ ಪಟ್ಟಿಯಾಗಿ ಪರಿವರ್ತಿಸುವುದು ಹೇಗೆ ಎಂಬುದೇ ಇಲ್ಲಿನ ವಿಷಯ. ಪ್ಯಾರಾವನ್ನು ಚಿಕ್ಕದು ಮಾಡಿದರೆ ಪಟ್ಟಿಯಾಗುತ್ತದೆ ಎಂಬ ನಂಬಿಕೆ ಕಚೇರಿಗಳಲ್ಲಿ ವ್ಯಾಪಕವಾಗಿದೆ. ಆದರೆ ಇಪ್ಪತ್ತು ಸಾಲು ಐದು ಸಾಲಾದರೂ ಹೊಣೆ ಯಾರದೆಂಬುದು ಮೊದಲಿನಷ್ಟೇ ಮಸುಕಾಗಿ ಉಳಿಯಬಹುದು. ಪಟ್ಟಿ ಮಾಡುವವರ ನಿಜವಾದ ಕೆಲಸ ಪ್ಯಾರಾದಲ್ಲಿ ಇಲ್ಲದ್ದನ್ನು ಕಂಡುಹಿಡಿಯುವುದು.

ವಿವರಣೆಗಾಗಿಯೇ ಹೆಣೆದ, ಆದರೆ ಇಂತಹ ವರದಿಗಳ ಭಾಷೆಯನ್ನು ಬಲ್ಲವರಿಗೆ ಕೂಡಲೇ ಗುರುತು ಸಿಗುವ ಒಂದು ಪ್ಯಾರಾವನ್ನು ಮೊದಲು ನೋಡಬಹುದು. ಏಪ್ರಿಲ್ 10ರ ಸಭೆಗೆ ಸಿದ್ಧವಾದ ವರದಿ ಎಂದು ಭಾವಿಸಿಕೊಂಡರೆ ಅದು ಹೀಗಿರುತ್ತದೆ:

“ಕುಡಿಯುವ ನೀರಿನ ಸಮಸ್ಯೆಗೆ ಸಂಬಂಧಿಸಿದಂತೆ ಹಳೆಯ ಕೊಳವೆಬಾವಿಯ ಇಳುವರಿ ಕಡಿಮೆಯಾಗಿರುವ ಹಿನ್ನೆಲೆಯಲ್ಲಿ ಹೊಸ ಕೊಳವೆಬಾವಿ ಕೊರೆಯಿಸಲಾಗಿದ್ದು, ಪಂಪು ಮೋಟಾರ್ ಇಳಿಸಲಾಗಿದ್ದು, ವಿದ್ಯುತ್ ಸಂಪರ್ಕಕ್ಕಾಗಿ ಬೆಸ್ಕಾಂಗೆ ಪತ್ರ ಬರೆಯಲಾಗಿದ್ದು, ಅಂದಾಜು ಪಟ್ಟಿ ಬಂದ ನಂತರ ಹಣ ಪಾವತಿಸಿ ಸಂಪರ್ಕ ಪಡೆಯಲು ಕ್ರಮ ವಹಿಸಲಾಗುವುದು. ನೀರಿನ ಮಾದರಿಯನ್ನು ಪರೀಕ್ಷೆಗೆ ಕಳುಹಿಸಲಾಗಿದ್ದು, ವರದಿಯನ್ನು ನಿರೀಕ್ಷಿಸಲಾಗಿದೆ. ಸದರಿ ಗ್ರಾಮಕ್ಕೆ ಟ್ಯಾಂಕರ್ ಮೂಲಕ ನೀರು ಸರಬರಾಜು ಮಾಡಲಾಗುತ್ತಿದ್ದು, ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟಿರುವ ಬಗ್ಗೆ ನಿರ್ವಹಣಾ ಏಜೆನ್ಸಿಗೆ ತಿಳಿಸಲಾಗಿದ್ದು, ಶೀಘ್ರದಲ್ಲೇ ದುರಸ್ತಿಯಾಗಲಿದೆ. ಪೈಪ್‌ಲೈನ್ ಕಾಮಗಾರಿ ಪ್ರಗತಿಯಲ್ಲಿದ್ದು, ಗುತ್ತಿಗೆದಾರರಿಗೆ ನೋಟಿಸ್ ನೀಡಲಾಗಿದೆ. ಮೇಲ್ಮಟ್ಟದ ತೊಟ್ಟಿಯನ್ನು ಸ್ವಚ್ಛಗೊಳಿಸಿ ಬ್ಲೀಚಿಂಗ್ ಪೌಡರ್ ಹಾಕಲು ಸೂಚಿಸಲಾಗಿದೆ.”

ಈ ಪ್ಯಾರಾದಲ್ಲಿ ಸುಳ್ಳೇನೂ ಇಲ್ಲ, ಬರೆದವರು ಸೋಮಾರಿಗಳೂ ಅಲ್ಲ. ಆದರೆ ಇದರಲ್ಲಿರುವ ಕ್ರಿಯಾಪದಗಳನ್ನು ಎಣಿಸಿದರೆ ಹನ್ನೆರಡು ಹೇಳಿಕೆಗಳು ಸಿಗುತ್ತವೆ. ಅವುಗಳಲ್ಲಿ ಹತ್ತು ‘-ಲಾಗಿದೆ’, ‘-ಲಾಗಿದ್ದು’, ‘-ಲಾಗುವುದು’ ಎಂಬಂತಹ ಕರ್ಮಣಿ ರೂಪದಲ್ಲಿವೆ. ಕರ್ಮಣಿ ಪ್ರಯೋಗವೆಂದರೆ ಕೆಲಸವನ್ನು ಮುಂದಿಟ್ಟು ಮಾಡಿದವನನ್ನು ಹಿಂದೆ ಸರಿಸುವ ವಾಕ್ಯರಚನೆ: ‘ನೀರುಗಂಟಿ ತೊಟ್ಟಿ ತೊಳೆದ’ ಎಂಬುದು ಕರ್ತರಿಯಾದರೆ ‘ತೊಟ್ಟಿ ತೊಳೆಯಲಾಗಿದೆ’ ಎಂಬುದು ಕರ್ಮಣಿ. ಉಳಿದೆರಡು, ‘ದುರಸ್ತಿಯಾಗಲಿದೆ’ ಮತ್ತು ‘ಪ್ರಗತಿಯಲ್ಲಿದ್ದು’, ಕೆಲಸ ತನ್ನಷ್ಟಕ್ಕೆ ತಾನೇ ಆಗುತ್ತದೆ ಎಂಬಂತೆ ಇವೆ. ಹೊರಗಿನವರ ಪ್ರಸ್ತಾಪ ಪ್ಯಾರಾದಲ್ಲಿ ಮೂರು ಕಡೆ ಬರುತ್ತದೆ, ಮೂರೂ ಚತುರ್ಥಿ ವಿಭಕ್ತಿಯಲ್ಲಿ: ಬೆಸ್ಕಾಂಗೆ, ಏಜೆನ್ಸಿಗೆ, ಗುತ್ತಿಗೆದಾರರಿಗೆ. ಪತ್ರವನ್ನೋ ಮಾತನ್ನೋ ನೋಟಿಸನ್ನೋ ಪಡೆದುಕೊಂಡವರು ಯಾರೆಂಬುದು ತಿಳಿಯುತ್ತದೆ, ಕೊಟ್ಟವರು ಯಾರು, ಮುಂದೆ ನಡೆಯಬೇಕಾದವರು ಯಾರು ಎಂಬುದು ತಿಳಿಯುವುದಿಲ್ಲ. ಪ್ಯಾರಾದ ಉದ್ದಕ್ಕೂ ಪ್ರಥಮಾ ವಿಭಕ್ತಿಯಲ್ಲಿ ಒಬ್ಬ ಮನುಷ್ಯನೂ ಇಲ್ಲ.

ಆಡಳಿತದ ಬರವಣಿಗೆ ಈ ರೂಢಿಯನ್ನು ಸುಮ್ಮನೆ ಬೆಳೆಸಿಕೊಂಡದ್ದಲ್ಲ. ಅಧಿಕಾರಿ ವರ್ಗವಾಗಿ ಹೋಗುತ್ತಾನೆ, ಕಚೇರಿ ಉಳಿಯುತ್ತದೆ. ಆದ್ದರಿಂದ ಆದೇಶ, ಮಂಜೂರಾತಿ, ಪಾವತಿಯಂತಹ ಮುಗಿದ ಸಂಗತಿಗಳನ್ನು ಕಚೇರಿಯ ಕೃತ್ಯವೆಂದು ‘ಮಂಜೂರು ಮಾಡಲಾಗಿದೆ’ ಎಂದು ಬರೆಯುವುದರಲ್ಲಿ ನ್ಯಾಯವಿದೆ. ತೊಡಕು ಹುಟ್ಟುವುದು ಇನ್ನೂ ಮುಗಿಯದ ಕೆಲಸಕ್ಕೂ ಅದೇ ರೂಪವನ್ನು ಬಳಸಿದಾಗ, ಏಕೆಂದರೆ ಮುಗಿಯದ ಕೆಲಸವನ್ನು ಕಚೇರಿ ಮಾಡುವುದಿಲ್ಲ, ಒಬ್ಬ ವ್ಯಕ್ತಿ ಮಾಡಬೇಕಾಗುತ್ತದೆ.

ಪರಿವರ್ತನೆಯ ಮೊದಲ ಹೆಜ್ಜೆ ಕತ್ತರಿಸುವುದು, ಮತ್ತು ಎಲ್ಲಿ ಕತ್ತರಿಸಬೇಕೆಂಬುದನ್ನು ಕನ್ನಡವೇ ತೋರಿಸಿಕೊಡುತ್ತದೆ. ಕಚೇರಿ ಕನ್ನಡದಲ್ಲಿ ಬೇರೆ ಬೇರೆ ಸಂಗತಿಗಳನ್ನು ‘ಇದ್ದು’ ಎಂಬ ಕೊಂಡಿಯಿಂದ ಪೋಣಿಸಲಾಗುತ್ತದೆ; ಪ್ರತಿ ‘ಇದ್ದು’ವಿನ ಬಳಿ ವಾಕ್ಯವನ್ನು ತುಂಡರಿಸಿ ಹೊಸ ಸಾಲು ಹಿಡಿದರೆ ಹನ್ನೆರಡು ಹೇಳಿಕೆಗಳು ಬಿಡಿಬಿಡಿಯಾಗಿ ಕಾಣಿಸುತ್ತವೆ. ‘ಪಾವತಿಸಿ’, ‘ಸ್ವಚ್ಛಗೊಳಿಸಿ’ ಎಂಬಂತಹ ರೂಪಗಳ ಬಳಿ ಇನ್ನಷ್ಟು ಎಚ್ಚರ ಬೇಕು. ವ್ಯಾಕರಣದ ಪ್ರಕಾರ ‘ಹಣ ಪಾವತಿಸಿ ಸಂಪರ್ಕ ಪಡೆಯಲು’ ಎಂದರೆ ಎರಡೂ ಕೆಲಸಗಳ ಕರ್ತೃ ಒಬ್ಬನೇ. ವಾಸ್ತವದಲ್ಲಿ ಹಣ ಪಾವತಿಸುವುದು ಪಂಚಾಯತಿ, ಸ್ಥಳಕ್ಕೆ ಬಂದು ತಂತಿ ಎಳೆದು ಸಂಪರ್ಕ ಕೊಡುವುದು ಬೆಸ್ಕಾಂ ಸಿಬ್ಬಂದಿ. ಕೆಲಸ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುವ ಜಾಗ ಆ ‘ಪಾವತಿಸಿ’ ಎಂಬ ಒಂದು ಪದದೊಳಗೆ ಅಡಗಿಬಿಟ್ಟಿದೆ, ಮತ್ತು ಕೆಲಸಗಳು ತಿಂಗಳುಗಟ್ಟಲೆ ನಿಲ್ಲುವುದು ಬಹಳ ಸಲ ಇಂತಹ ದಾಟುವ ಜಾಗಗಳಲ್ಲಿಯೇ.

ಎರಡನೆಯ ಹೆಜ್ಜೆಯಲ್ಲಿ ಮುಗಿದದ್ದನ್ನೂ ಮುಗಿಯದ್ದನ್ನೂ ಬೇರ್ಪಡಿಸಬೇಕು, ಮತ್ತು ಇಲ್ಲಿಯೇ ಅತಿ ಹೆಚ್ಚು ತಪ್ಪುಗಳಾಗುತ್ತವೆ. ಮೇಲ್ನೋಟಕ್ಕೆ ಭೂತಕಾಲದಲ್ಲಿರುವ ಹೇಳಿಕೆಗಳೆಲ್ಲ ಮುಗಿದ ಕೆಲಸಗಳಂತೆ ಕಾಣುತ್ತವೆ. ಆದರೆ ಕೊಳವೆಬಾವಿ ಕೊರೆದದ್ದು ಮತ್ತು ಮೋಟಾರ್ ಇಳಿಸಿದ್ದು ಮಾತ್ರ ನಿಜವಾಗಿ ಮುಗಿದಿವೆ. ‘ಬರೆಯಲಾಗಿದೆ’, ‘ಕಳುಹಿಸಲಾಗಿದೆ’, ‘ತಿಳಿಸಲಾಗಿದೆ’, ‘ನೀಡಲಾಗಿದೆ’, ‘ಸೂಚಿಸಲಾಗಿದೆ’ ಎಂಬ ಐದು ಹೇಳಿಕೆಗಳಲ್ಲಿ ಮುಗಿದಿರುವುದು ಒಂದು ಸಂದೇಶ ಹೊರಟ ಕ್ರಿಯೆ ಮಾತ್ರ. ಸಂದೇಶದೊಳಗಿನ ಕೆಲಸ ಆರಂಭವಾಗಿದೆಯೋ ಇಲ್ಲವೋ ಎಂಬುದರ ಬಗ್ಗೆ ಪ್ಯಾರಾ ಮೌನವಾಗಿದೆ. ಇಂತಹ ಹೇಳಿಕೆಗಳನ್ನು ‘ಪೂರ್ಣ’ ಎಂಬ ಗುಂಪಿಗೆ ಹಾಕಿದ ಪಟ್ಟಿ ಮೂಲ ಪ್ಯಾರಾಕ್ಕಿಂತ ಅಪಾಯಕಾರಿ, ಏಕೆಂದರೆ ಪ್ಯಾರಾ ಓದಿದವರಿಗೆ ಇದ್ದ ಅನುಮಾನವನ್ನೂ ಅದು ಅಳಿಸಿಬಿಡುತ್ತದೆ. ಇವುಗಳನ್ನು ‘ಬೇರೆಯವರಿಂದ ಉತ್ತರಕ್ಕೆ ಕಾಯುತ್ತಿರುವುದು’ ಎಂಬ ಪ್ರತ್ಯೇಕ ಗುಂಪಾಗಿ ಇಡುವುದೇ ಸರಿ.

ಬೇರ್ಪಡಿಸುವಾಗ ಪ್ಯಾರಾದ ಒಳಗಿನ ವಿರೋಧಗಳೂ ಹೊರಬೀಳುತ್ತವೆ. ‘ಪೈಪ್‌ಲೈನ್ ಕಾಮಗಾರಿ ಪ್ರಗತಿಯಲ್ಲಿದ್ದು, ಗುತ್ತಿಗೆದಾರರಿಗೆ ನೋಟಿಸ್ ನೀಡಲಾಗಿದೆ’ ಎಂಬ ವಾಕ್ಯ ಓಘದಲ್ಲಿ ಓದಿದಾಗ ಸಹಜವಾಗಿಯೇ ಕೇಳಿಸುತ್ತದೆ. ಎರಡು ಸಾಲಾಗಿ ತುಂಡರಿಸಿ ನೋಡಿದರೆ, ಪ್ರಗತಿಯಲ್ಲಿರುವ ಕೆಲಸಕ್ಕೆ ನೋಟಿಸ್ ಏಕೆ ಕೊಡಬೇಕಾಯಿತು ಎಂಬ ಪ್ರಶ್ನೆ ತಾನಾಗಿ ಏಳುತ್ತದೆ. ಬಹುಮಟ್ಟಿಗೆ ಮೊದಲ ಭಾಗ ಹಿಂದಿನ ತಿಂಗಳ ವರದಿಯಿಂದ ಹಾಗೆಯೇ ಉಳಿದುಕೊಂಡಿದ್ದು, ಎರಡನೆಯದು ಈ ತಿಂಗಳು ಸೇರಿಕೊಂಡಿರುತ್ತದೆ. ಹಳೆಯ ವರದಿಯ ಪ್ರತಿಯನ್ನೇ ತಿದ್ದಿ ಹೊಸದನ್ನು ಮಾಡುವ ಕಡೆ ಇದು ತಪ್ಪುವುದಿಲ್ಲ. ‘ಪ್ರಗತಿಯಲ್ಲಿದೆ’ ಎಂಬ ಮಾತನ್ನು ಪಟ್ಟಿಯಿಂದ ಪೂರ್ತಿಯಾಗಿ ಕೈಬಿಟ್ಟು, ಅದರ ಬದಲು ಕೊನೆಯದಾಗಿ ಮುಗಿದ ಹಂತ ಯಾವುದು, ಮುಂದಿನ ಹಂತ ಯಾವುದು ಎಂಬ ಎರಡನ್ನು ಬರೆಯುವುದು ಇದಕ್ಕೆ ಪರಿಹಾರ. ಶೇಕಡ 80 ಪೂರ್ಣ ಎಂದು ಬರೆಯುವುದರಿಂದಲೂ ಪ್ರಯೋಜನವಿಲ್ಲ. ಪೈಪು ಹೂಳಿ ಮುಗಿದು ತೊಟ್ಟಿಗೆ ಜೋಡಿಸುವುದೊಂದೇ ಬಾಕಿಯಿದ್ದರೂ ನಲ್ಲಿಯಲ್ಲಿ ಬರುವ ನೀರು ಸೊನ್ನೆಯೇ.

ಮೂರನೆಯ ಹೆಜ್ಜೆ ಹೊಣೆಗಾರನನ್ನು ಹುಡುಕುವುದು. ಪ್ಯಾರಾದಲ್ಲಿ ಹೆಸರಿಲ್ಲದಿರುವಾಗ ಅದನ್ನು ಊಹಿಸಿ ತುಂಬಬಾರದು, ಕಚೇರಿಯ ದಾಖಲೆಗಳಿಂದ ಹುಡುಕಬೇಕು. ಇದಕ್ಕೆ ಎಲ್ಲಕ್ಕಿಂತ ಉಪಯುಕ್ತವಾದದ್ದು ಆವಕ-ಜಾವಕ ವಹಿ, ಅಂದರೆ ಕಚೇರಿಗೆ ಬಂದ ಮತ್ತು ಕಚೇರಿಯಿಂದ ಹೊರಟ ಪತ್ರಗಳ ದಾಖಲೆ. ‘ಬೆಸ್ಕಾಂಗೆ ಪತ್ರ ಬರೆಯಲಾಗಿದೆ’ ಎಂದಿದ್ದರೆ ಆ ವಹಿಯಲ್ಲಿ ಒಂದು ಸಂಖ್ಯೆಯೂ ದಿನಾಂಕವೂ ಇರಬೇಕು. ಇಲ್ಲದಿದ್ದರೆ ಪತ್ರ ಕರಡಿನಲ್ಲಿಯೇ ಉಳಿದಿದೆ ಎಂದರ್ಥ. ‘ಏಜೆನ್ಸಿಗೆ ತಿಳಿಸಲಾಗಿದೆ’ ಎಂಬುದಕ್ಕೆ ವಹಿಯಲ್ಲಿ ಏನೂ ಸಿಗದಿದ್ದರೆ ಅದು ಫೋನಿನಲ್ಲಿ ಆಡಿದ ಮಾತಾಗಿರುತ್ತದೆ, ಮತ್ತು ಏಜೆನ್ಸಿ ನಾಳೆ ಅದನ್ನು ನೆನಪಿಟ್ಟುಕೊಳ್ಳಬೇಕಾದ ಬಾಧ್ಯತೆ ಏನೂ ಇಲ್ಲ. ಹೀಗೆ ವಹಿ ತಿರುವಿ ಹಾಕಿದ ಮೇಲೆ ಪ್ರತಿ ಸಾಲಿನ ಮುಂದಿನ ಹಂತ ಯಾರದೆಂದು ಪಿಡಿಒ, ಕಾರ್ಯದರ್ಶಿ, ಎಂಜಿನಿಯರ್, ನೀರುಗಂಟಿ ಇವರನ್ನು ಕೇಳಿ ತಿಳಿದುಕೊಳ್ಳಬೇಕು.

ಹೊರಗಿನ ಇಲಾಖೆಗಳ ಕೆಲಸಕ್ಕೆ ಹೊಣೆ ಯಾರ ಹೆಸರಿನಲ್ಲಿ ಬರೆಯುವುದು ಎಂಬುದು ಇಲ್ಲಿ ಬರುವ ಕಷ್ಟದ ಪ್ರಶ್ನೆ. ಬೆಸ್ಕಾಂ ಶಾಖಾಧಿಕಾರಿ ಗ್ರಾಮ ಪಂಚಾಯತಿಯ ಅಧೀನದಲ್ಲಿಲ್ಲ. ಅವರ ಹೆಸರನ್ನು ಪಂಚಾಯತಿಯ ಪಟ್ಟಿಯಲ್ಲಿ ಬರೆದ ಮಾತ್ರಕ್ಕೆ ಅವರು ಆ ಪಟ್ಟಿಯನ್ನು ನೋಡುವುದೂ ಇಲ್ಲ, ಅದಕ್ಕೆ ಉತ್ತರ ಕೊಡಬೇಕಾದವರೂ ಅಲ್ಲ. ‘ಹೊಣೆ: ಬೆಸ್ಕಾಂ’ ಎಂದು ಬರೆದ ಸಾಲು ಹೊಣೆಯೇ ಇಲ್ಲದ ಸಾಲಿಗೆ ಸಮ. ಆದ್ದರಿಂದ ಕೆಲಸ ಮಾಡುವವರು ಯಾರು, ಆ ಕೆಲಸದ ಬೆನ್ನು ಹತ್ತುವವರು ಯಾರು ಎಂಬ ಎರಡನ್ನು ಬೇರೆ ಬೇರೆಯಾಗಿ ಕಾಣಬೇಕು, ಮತ್ತು ಹೊಣೆಯ ಕಲಂನಲ್ಲಿ ಯಾವಾಗಲೂ ಪಟ್ಟಿಯ ಸಭೆಯಲ್ಲಿ ಕೂರುವ, ಎದ್ದು ನಿಂತು ಉತ್ತರಿಸಬಲ್ಲ ಒಬ್ಬರ ಹೆಸರಿರಬೇಕು. ಸಂಪರ್ಕ ಕೊಡುವುದು ಬೆಸ್ಕಾಂನ ಕೆಲಸವಾದರೂ ಶಾಖಾ ಕಚೇರಿಗೆ ಹೋಗಿ ಅಂದಾಜು ಪಟ್ಟಿ ತರುವುದು ಪಂಚಾಯತಿ ಕಾರ್ಯದರ್ಶಿಯ ಕೆಲಸವಾಗಬಹುದು. ಮುಂದಿನ ಹಂತ ಅದೇ, ಹೊಣೆಯೂ ಅಲ್ಲಿಯೇ ನಿಲ್ಲುತ್ತದೆ.

ನಾಲ್ಕನೆಯದು ಕ್ರಮ. ಪ್ಯಾರಾದಲ್ಲಿ ಸಂಗತಿಗಳು ಬರೆದವರಿಗೆ ನೆನಪಾದ ಕ್ರಮದಲ್ಲಿ ಬಂದಿವೆ. ಪಟ್ಟಿಯಲ್ಲಿ ಅವು ಒಂದನ್ನೊಂದು ಅವಲಂಬಿಸಿರುವ ಕ್ರಮದಲ್ಲಿ ಬರಬೇಕು. ಚಿತ್ರದುರ್ಗ ಜಿಲ್ಲೆಯ ಮಟ್ಟಿಗೆ ಇದು ಬರಿಯ ಅಚ್ಚುಕಟ್ಟಿನ ಮಾತಲ್ಲ. ಈ ಜಿಲ್ಲೆಯ ಅಂತರ್ಜಲದಲ್ಲಿ ಹಲವೆಡೆ ಫ್ಲೋರೈಡ್ ಅಂಶ ಹೆಚ್ಚಿದೆ. ಭಾರತೀಯ ಮಾನಕ ಸಂಸ್ಥೆಯ ಕುಡಿಯುವ ನೀರಿನ ಮಾನದಂಡದ ಪ್ರಕಾರ ಒಂದು ಲೀಟರ್ ನೀರಿನಲ್ಲಿ 1 ಮಿಲಿಗ್ರಾಂ ಫ್ಲೋರೈಡ್ ಒಪ್ಪತಕ್ಕದ್ದು, ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸತಕ್ಕದ್ದು; ಅದನ್ನು ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲಿನ ಮೇಲೆ ಕಲೆ ಬೀಳುತ್ತದೆ, ಮುಂದೆ ಮೂಳೆಗಳೂ ಬಾಧೆಗೊಳಗಾಗುತ್ತವೆ. ಹೀಗಿರುವಾಗ ಪ್ಯಾರಾದ ನಡುವೆ ಅಡಗಿ ಕುಳಿತ ‘ವರದಿಯನ್ನು ನಿರೀಕ್ಷಿಸಲಾಗಿದೆ’ ಎಂಬ ಸಣ್ಣ ವಾಕ್ಯ ಇಡೀ ಕಾಮಗಾರಿಯ ದಿಕ್ಕನ್ನೇ ನಿರ್ಧರಿಸುತ್ತದೆ. ಫ್ಲೋರೈಡ್ ಮಿತಿಯೊಳಗಿದ್ದರೆ ವಿದ್ಯುತ್ ಸಂಪರ್ಕ ಬಂದು ಪೈಪ್‌ಲೈನ್ ಮುಗಿದ ದಿನ ಟ್ಯಾಂಕರ್ ನಿಲ್ಲಿಸಬಹುದು. ಮಿತಿ ಮೀರಿದ್ದರೆ ಹೊಸ ಕೊಳವೆಬಾವಿಯ ನೀರು ಬಳಕೆಗೆ ಮಾತ್ರ, ಕುಡಿಯುವುದಕ್ಕೆ ಶುದ್ಧ ನೀರಿನ ಘಟಕವೇ ಗತಿ, ಆಗ ಘಟಕದ ದುರಸ್ತಿ ಪಟ್ಟಿಯ ಮೊದಲ ಸಾಲಿಗೆ ಏರಬೇಕಾಗುತ್ತದೆ. ಪ್ಯಾರಾದಲ್ಲಿ ಈ ಎರಡು ಸಂಗತಿಗಳ ನಡುವೆ ಟ್ಯಾಂಕರ್ ಬಂದು ನಿಂತಿರುವುದರಿಂದ ಸಂಬಂಧ ಯಾರ ಕಣ್ಣಿಗೂ ಬೀಳುವುದಿಲ್ಲ.

ಇಷ್ಟೆಲ್ಲ ಆದ ಮೇಲೆ ಸಿದ್ಧವಾಗುವ ಪಟ್ಟಿ, ಮೇಲಿನ ಮಾದರಿಯನ್ನೇ ಮುಂದುವರಿಸಿ ದಿನಾಂಕಗಳನ್ನು ಇಟ್ಟುಕೊಂಡರೆ, ಹೀಗಿರುತ್ತದೆ:

ಸ್ಥಿತಿ: ಹೊಸ ಕೊಳವೆಬಾವಿ ಕೊರೆದು ಮೋಟಾರ್ ಇಳಿಸಿ ಆಗಿದೆ, ನೀರು ನಲ್ಲಿಗೆ ಬಂದಿಲ್ಲ. ನೀರಿನ ಪರೀಕ್ಷಾ ವರದಿ, ವಿದ್ಯುತ್ ಸಂಪರ್ಕ, ಪೈಪ್‌ಲೈನ್ ಮೂರೂ ಬಾಕಿ. ಅಲ್ಲಿಯವರೆಗೆ ಟ್ಯಾಂಕರ್.

1. ನೀರಿನ ಪರೀಕ್ಷೆ. ಮಾದರಿ ಏಪ್ರಿಲ್ 4ರಂದು ಹೋಗಿದೆ. ಮುಂದೆ: ವರದಿ ತಂದು ಫ್ಲೋರೈಡ್ ಅಂಕಿಯನ್ನು ಪಿಡಿಒಗೆ ತಿಳಿಸುವುದು. ಹೊಣೆ: ಕಿರಿಯ ಎಂಜಿನಿಯರ್. ಏಪ್ರಿಲ್ 16.

2. ವಿದ್ಯುತ್ ಸಂಪರ್ಕ. ಬೆಸ್ಕಾಂಗೆ ಪತ್ರ ಏಪ್ರಿಲ್ 2ರಂದು ಹೋಗಿದೆ. ಮುಂದೆ: ಅಂದಾಜು ಪಟ್ಟಿ ಪಡೆದು ಪಾವತಿಗೆ ಮಂಡಿಸುವುದು. ಹೊಣೆ: ಕಾರ್ಯದರ್ಶಿ. ಏಪ್ರಿಲ್ 17.

3. ಪೈಪ್‌ಲೈನ್. ಕೆಲಸ ನಿಂತಿದೆ, ನೋಟಿಸ್ ಹೋಗಿದೆ. ಮುಂದೆ: ಗುತ್ತಿಗೆದಾರರಿಂದ ಕೆಲಸ ಮರಳಿ ಆರಂಭಿಸುವ ದಿನವನ್ನು ಲಿಖಿತವಾಗಿ ಪಡೆಯುವುದು. ಹೊಣೆ: ಕಿರಿಯ ಎಂಜಿನಿಯರ್. ಏಪ್ರಿಲ್ 18.

4. ಶುದ್ಧ ನೀರಿನ ಘಟಕ. ಏಜೆನ್ಸಿಗೆ ಫೋನಿನಲ್ಲಿ ಮಾತ್ರ ತಿಳಿಸಿದೆ. ಮುಂದೆ: ಲಿಖಿತ ದೂರು. ಹೊಣೆ: ಪಿಡಿಒ. ಏಪ್ರಿಲ್ 11.

5. ತೊಟ್ಟಿ ಸ್ವಚ್ಛತೆ, ಬ್ಲೀಚಿಂಗ್. ಹೊಣೆ: ನೀರುಗಂಟಿ. ಏಪ್ರಿಲ್ 13.

6. ಟ್ಯಾಂಕರ್ ಸರಬರಾಜು. ನಡೆಯುತ್ತಿದೆ, ದಿನದ ಟ್ರಿಪ್ಪುಗಳನ್ನು ಬರೆದಿಡುವವರು ಯಾರೂ ಇಲ್ಲ. ಹೊಣೆ: ನಿಗದಿಯಾಗಿಲ್ಲ, ಸಭೆ ತೀರ್ಮಾನಿಸಬೇಕು.

ಇಲ್ಲಿ ಹುದ್ದೆಗಳನ್ನಷ್ಟೇ ಬರೆದಿದೆ. ಕಚೇರಿಯ ಪ್ರತಿಯಲ್ಲಿ ಹುದ್ದೆಯ ಜೊತೆಗೆ ಆ ಹುದ್ದೆಯಲ್ಲಿರುವವರ ಹೆಸರೂ ಇರಬೇಕು. ಹೆಸರು ಮಾತ್ರ ಇದ್ದರೆ ವರ್ಗಾವಣೆಯಾದಾಗ ಸಾಲು ಅನಾಥವಾಗುತ್ತದೆ, ಹುದ್ದೆ ಮಾತ್ರ ಇದ್ದರೆ ಅದು ಯಾರಿಗೂ ತಟ್ಟುವುದಿಲ್ಲ.

ಈ ಪಟ್ಟಿಯ ಅತ್ಯಂತ ಬೆಲೆಯುಳ್ಳ ಸಾಲು ಆರನೆಯದು. ಪ್ಯಾರಾದಲ್ಲಿ ‘ಟ್ಯಾಂಕರ್ ಮೂಲಕ ನೀರು ಸರಬರಾಜು ಮಾಡಲಾಗುತ್ತಿದ್ದು’ ಎಂಬುದು ಎಲ್ಲಕ್ಕಿಂತ ನೆಮ್ಮದಿ ಕೊಡುವ ವಾಕ್ಯವಾಗಿತ್ತು, ಏಕೆಂದರೆ ಅದೊಂದೇ ನಿಜವಾಗಿ ನಡೆಯುತ್ತಿರುವ ಕೆಲಸ. ಹೊಣೆಯ ಕಲಂ ತುಂಬಲು ಹೊರಟಾಗ ಮಾತ್ರ ಟ್ಯಾಂಕರ್ ದಿನಕ್ಕೆ ಎಷ್ಟು ಸಲ ಬಂತು ಎಂಬುದನ್ನು ಊರಿನಲ್ಲಿ ನಿಂತು ಬರೆದುಕೊಳ್ಳುವವರು ಯಾರೂ ಇಲ್ಲ ಎಂಬುದು, ಅಂದರೆ ಬಿಲ್ ಬಂದಾಗ ತಾಳೆ ನೋಡಲು ಏನೂ ಇರುವುದಿಲ್ಲ ಎಂಬುದು ಹೊರಬಿತ್ತು. ಕಲಂ ಖಾಲಿ ಉಳಿದರೆ ವರದಿ ಅಪೂರ್ಣವಾಗಿ ಕಾಣುತ್ತದೆ ಎಂಬ ಸಂಕೋಚದಿಂದ ಅಲ್ಲಿ ಪಿಡಿಒ ಎಂದು ಬರೆದುಬಿಡುವ ಮನಸ್ಸು ಸಹಜವಾಗಿ ಬರುತ್ತದೆ. ಆದರೆ ಖಾಲಿ ಕಲಂ ಸಭೆಗೆ ಕೊಡುವ ಮಾಹಿತಿಯನ್ನು ತುಂಬಿದ ಕಲಂ ಕೊಡುವುದಿಲ್ಲ.

ಊಹೆಯಿಂದ ತುಂಬಿದ ಪಟ್ಟಿಯನ್ನು ಗುರುತಿಸುವುದು ಕಷ್ಟವಲ್ಲ. ಹತ್ತು ಸಾಲುಗಳಲ್ಲಿ ಎಂಟರಲ್ಲಿ ಒಂದೇ ಹುದ್ದೆ ಕಂಡರೆ, ಬರೆದವರು ಕೆಲಸ ಯಾರ ಕೈಯಲ್ಲಿದೆ ಎಂದು ವಿಚಾರಿಸದೆ ಕಚೇರಿಯಲ್ಲಿ ದೊಡ್ಡವರು ಯಾರು ಎಂಬುದನ್ನಷ್ಟೇ ಬರೆದಿದ್ದಾರೆ. ಒಂದು ಕಲಂನಲ್ಲಿ ‘ಪಿಡಿಒ/ಕಿರಿಯ ಎಂಜಿನಿಯರ್’ ಎಂದು ಗೆರೆ ಹಾಕಿ ಇಬ್ಬರನ್ನು ಬರೆದಿದ್ದರೆ ಇಬ್ಬರೂ ಮತ್ತೊಬ್ಬರು ನೋಡಿಕೊಳ್ಳುತ್ತಾರೆಂದು ನಂಬಿರುತ್ತಾರೆ. ಅಲ್ಲಿ ಹಂತವನ್ನೇ ಎರಡಾಗಿ ಒಡೆದು ಒಬ್ಬೊಬ್ಬರಿಗೆ ಒಂದು ಸಾಲು ಕೊಡಬೇಕು. ‘ಸಂಬಂಧಪಟ್ಟವರು’ ಎಂಬ ಪದ ಹೊಣೆಯ ಕಲಂನಲ್ಲಿ ಕಾಣಿಸಿಕೊಂಡರೆ ಪರಿವರ್ತನೆ ಆರಂಭವೇ ಆಗಿಲ್ಲ. ದಿನಾಂಕದ ಕಲಂನಲ್ಲಿ ‘ಕೂಡಲೇ’, ‘ಶೀಘ್ರ’, ‘ಆದಷ್ಟು ಬೇಗ’ ಇದ್ದರೂ ಅಷ್ಟೇ.

ದಿನಾಂಕದ ವಿಷಯದಲ್ಲಿ ಇದಕ್ಕಿಂತ ಸೂಕ್ಷ್ಮವಾದ ತಪ್ಪೊಂದಿದೆ. ‘ಶೀಘ್ರದಲ್ಲೇ ದುರಸ್ತಿಯಾಗಲಿದೆ’ ಎಂಬುದನ್ನು ಸಾರಾಂಶ ಮಾಡುವವರು ಶಿಸ್ತಿನ ಉತ್ಸಾಹದಲ್ಲಿ ‘ಏಪ್ರಿಲ್ 20ರೊಳಗೆ ದುರಸ್ತಿ’ ಎಂದು ಬರೆದುಬಿಟ್ಟರೆ, ಯಾರೂ ಕೊಡದ ಮಾತೊಂದು ದಾಖಲೆಗೆ ಸೇರಿಬಿಡುತ್ತದೆ; ಏಪ್ರಿಲ್ 21ರಂದು ಸದಸ್ಯರು ಕೇಳಿದಾಗ ಏಜೆನ್ಸಿ ತಾನು ಹಾಗೆ ಹೇಳಿಲ್ಲವೆನ್ನುತ್ತದೆ, ಮತ್ತು ಅದು ಹೇಳುವುದು ನಿಜ. ಈ ಕಾರಣಕ್ಕಾಗಿಯೇ ಮೇಲಿನ ಪಟ್ಟಿಯ ನಾಲ್ಕನೆಯ ಸಾಲಿನಲ್ಲಿ ದುರಸ್ತಿಯ ದಿನಾಂಕವಿಲ್ಲ, ದೂರು ಕೊಡುವ ದಿನಾಂಕ ಮಾತ್ರ ಇದೆ. ಪಂಚಾಯತಿಯ ಕೈಯಲ್ಲಿರುವ ಹಂತಕ್ಕಷ್ಟೇ ಪಂಚಾಯತಿ ದಿನಾಂಕ ಹಾಕಬಹುದು. ಆ ದಿನಾಂಕವನ್ನೂ ಪಟ್ಟಿ ಹಂಚುವ ಮೊದಲು ಹೊಣೆಗಾರನಿಗೆ ಫೋನಿನಲ್ಲಿ ಓದಿ ಹೇಳಿ ಒಪ್ಪಿಸಿಕೊಳ್ಳಬೇಕು. ತೊಟ್ಟಿ ತೊಳೆಯುವ ದಿನ ಮೊದಲೇ ಊರಿಗೆ ತಿಳಿಸಿ ಆ ಹೊತ್ತು ನೀರು ನಿಲ್ಲಿಸಬೇಕಾಗುತ್ತದೆ ಎಂಬಂತಹ ಸಂಗತಿ ನೀರುಗಂಟಿಗೆ ಗೊತ್ತಿರುತ್ತದೆ, ಮೇಜಿನ ಮುಂದೆ ಕುಳಿತು ಪಟ್ಟಿ ಮಾಡುವವರಿಗೆ ಹೊಳೆಯುವುದಿಲ್ಲ.

ಪಟ್ಟಿಗೆ ಅದರದೇ ಮಿತಿಯೂ ಇದೆ. ಹಳೆಯ ಕೊಳವೆಬಾವಿಯ ಇಳುವರಿ ಏಕೆ ಇಳಿಯಿತು, ಗುತ್ತಿಗೆದಾರ ಕೆಲಸ ನಿಲ್ಲಿಸಿದ್ದಕ್ಕೆ ಬಿಲ್ ಬಾಕಿ ಕಾರಣವೋ ಪೈಪ್ ಹಾದುಹೋಗುವ ಜಮೀನಿನ ತಕರಾರು ಕಾರಣವೋ ಎಂಬ ಪ್ರಶ್ನೆಗಳಿಗೆ ಒಂದು ಸಾಲಿನಲ್ಲಿ ಉತ್ತರ ಹಿಡಿಸುವುದಿಲ್ಲ; ಬಲವಂತವಾಗಿ ಹಿಡಿಸಿದರೆ ಒಂದು ಕಡೆಯವರಿಗೆ ಅನ್ಯಾಯವಾಗುತ್ತದೆ. ಅಂತಹ ವಿವರಗಳಿರುವ ಪ್ಯಾರಾವನ್ನು ಎಸೆಯದೆ ಕಡತದಲ್ಲಿ ಪಟ್ಟಿಯ ಹಿಂದೆಯೇ ಇಟ್ಟು, ಪಟ್ಟಿಯ ಸಾಲಿನ ಸಂಖ್ಯೆಯನ್ನು ಪ್ಯಾರಾದ ಅಂಚಿನಲ್ಲಿ ಗುರುತು ಮಾಡಬೇಕು. ಜಗಳವಿರುವ ಸಂಗತಿಗೆ ಪ್ಯಾರಾ ಬೇಕು, ನಡೆಯಬೇಕಾದ ಸಂಗತಿಗೆ ಪಟ್ಟಿ ಸಾಕು.

ಮುಂದಿನ ಸಭೆ ಮೇ 8ರಂದು ನಡೆಯುತ್ತದೆ ಎಂದಿಟ್ಟುಕೊಂಡರೆ, ಅಂದು ಇದೇ ಪಟ್ಟಿ ಮತ್ತೆ ಬರುತ್ತದೆ. ಮುಗಿದ ಸಾಲುಗಳು ಆ ಸಭೆಯಲ್ಲಿ ಒಮ್ಮೆ ‘ಮುಗಿದಿದೆ’ ಎಂದು ಓದಿಸಿಕೊಂಡು ಹೊರಹೋಗುತ್ತವೆ, ಮುಗಿಯದವು ಉಳಿಯುತ್ತವೆ. ಉಳಿದ ಸಾಲಿನ ಹಳೆಯ ದಿನಾಂಕವನ್ನು ಅಳಿಸಿ ಹೊಸದನ್ನು ಬರೆಯುವ ರೂಢಿ ಕಂಪ್ಯೂಟರ್ ಬಂದ ಮೇಲೆ ತುಂಬ ಸುಲಭವಾಗಿದೆ, ಮತ್ತು ಪಟ್ಟಿಯನ್ನು ಕೆಡಿಸುವ ರೂಢಿಗಳಲ್ಲಿ ಇದೇ ಮುಖ್ಯವಾದದ್ದು. ಹಾಗೆ ಮಾಡಿದರೆ ನಾಲ್ಕು ಸಭೆಗಳಿಂದ ಮುಂದೂಡುತ್ತ ಬಂದ ಅಂದಾಜು ಪಟ್ಟಿಯೂ ನಿನ್ನೆ ಶುರುವಾದ ಕೆಲಸದಂತೆ ಕಾಣಿಸುತ್ತದೆ. ಎರಡನೆಯ ಸಾಲಿನಲ್ಲಿ ‘ಏಪ್ರಿಲ್ 17’ ಎಂಬುದನ್ನು ಹಾಗೆಯೇ ಉಳಿಸಿ, ಪಕ್ಕದಲ್ಲಿ ‘ಮೇ 15’ ಎಂದು ಬರೆದು, ಬದಲಾವಣೆಯನ್ನು ಕೇಳಿದವರು ಯಾರೆಂಬುದನ್ನೂ ಸೇರಿಸಿದರೆ, ಬೆಸ್ಕಾಂ ಕಚೇರಿಗೆ ಪಿಡಿಒ ತಾವೇ ಹೋಗಬೇಕೋ, ವಿಷಯವನ್ನು ತಾಲ್ಲೂಕು ಕೆಡಿಪಿ ಸಭೆಗೆ ಒಯ್ಯಬೇಕೋ ಎಂಬುದನ್ನು ಸಭೆ ಆ ಎರಡು ದಿನಾಂಕಗಳನ್ನು ನೋಡಿಯೇ ತೀರ್ಮಾನಿಸಬಹುದು.